ಪಿಡಿಎಫ್ ಸರಿಯಾಗಿ ಬಂತು, ಕ್ರೆಡಿಟ್ ಮಾತ್ರ ಬರಲಿಲ್ಲ: ತಪ್ಪು ಜಿಎಸ್‌ಟಿ ನಂಬರಿನ ಬಿಲ್ಲಿಗೆ ಮೇಲ್ ಬರೆಯುವುದು ಹೇಗೆ?

ಪ್ರಶ್ನೆ: ಸರ್, ನಾನು ಶಹಾಬಾದಿನ ಒಂದು ಕಲ್ಲು ಪಾಲಿಶ್ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹುಬ್ಬಳ್ಳಿಯ ಒಬ್ಬ ಸಪ್ಲೈಯರ್ ಹತ್ತಿರ ಜೂನ್ 24ಕ್ಕೆ 15 ಎಚ್‌ಪಿ ಮೋಟರ್ ಮತ್ತು ಗೇರ್‌ಬಾಕ್ಸ್ ತರಿಸಿದ್ವಿ. ಬಿಲ್ 1,41,600 ರೂಪಾಯಿ. ಅದರಲ್ಲಿ ನಮ್ಮ ಫರ್ಮ್ ಬದಲು ಸಾಹುಕಾರರ ತಂದೆಯವರ ಕಲಬುರಗಿ ಟೈಲ್ಸ್ ಅಂಗಡಿಯ ಹೆಸರು, ಜಿಎಸ್‌ಟಿ ನಂಬರ್ ಬಿದ್ದಿದೆ. "ಬಿಲ್ ತಪ್ಪಾಗಿದೆ, ಸರಿ ಮಾಡಿ ಕಳಿಸಿ" ಅಂತ ಮೇಲ್ ಹಾಕಿದೆ. ಮಾರನೇ ದಿನವೇ ಅದೇ ಬಿಲ್ ನಂಬರಿನಲ್ಲಿ, ನಮ್ಮ ಜಿಎಸ್‌ಟಿ ನಂಬರ್ ಹಾಕಿದ ಪಿಡಿಎಫ್ ಬಂತು. ಆದರೆ ಮೊನ್ನೆ ಜುಲೈ 16ಕ್ಕೆ ನೋಡಿದರೆ ಪೋರ್ಟಲ್‌ನಲ್ಲಿ ನಮಗೆ ಸಿಗುವ ಕ್ರೆಡಿಟ್ ತೋರಿಸುವ ಪಟ್ಟಿ 2ಬಿಯಲ್ಲಿ ಆ ಬಿಲ್ ಇಲ್ಲವೇ ಇಲ್ಲ. "ಮನೀದೇ ಅದಲ್ಲ, ಅಪ್ಪಾಜಿ ಕಡೆ ಕ್ರೆಡಿಟ್ ತಗೊಂಡ್ರ ಆಯ್ತು ಬಿಡ್ರಿ" ಅಂತಾರೆ ಸಾಹುಕಾರರು. ಹಾಗೆ ಮಾಡಬಹುದಾ? ಇಲ್ಲ ಅಂದರೆ ಸಪ್ಲೈಯರ್‌ಗೆ ಮತ್ತೆ ಏನಂತ ಮೇಲ್ ಬರೆಯಬೇಕು?

ಉತ್ತರ: ಮೊದಲು ಸಾಹುಕಾರರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಕ್ರೆಡಿಟ್ ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ತಂದೆಯವರ ಅಂಗಡಿಯಲ್ಲಿ ಅದನ್ನು ತಗೊಳ್ಳುವ ಹಾಗಿಲ್ಲ. ಮನೆ ಒಂದೇ ಇರಬಹುದು, ಪ್ಯಾನ್ ಬೇರೆ ಬೇರೆ. ಜಿಎಸ್‌ಟಿ ಕಾನೂನಿಗೆ ಅವು ಬೇರೆ ಬೇರೆ ಎರಡು ವ್ಯಾಪಾರ. ಕ್ರೆಡಿಟ್ ತಗೊಳ್ಳುವವರು ಮಾಲನ್ನು ತಾವೇ ಪಡೆದಿರಬೇಕು, ತಮ್ಮ ವ್ಯಾಪಾರಕ್ಕೆ ಬಳಸಬೇಕು. ನಿಮ್ಮ ಮೋಟರ್ ಶಹಾಬಾದಿನಲ್ಲಿ ಕಲ್ಲಿನ ಮಷಿನ್ ತಿರುಗಿಸುತ್ತಿದೆ. ಹಣ ಹೋಗಿದ್ದು ಫರ್ಮಿನ ಖಾತೆಯಿಂದ ಆಗಿದ್ದರೆ ಅದೂ ಕಾಗದದಲ್ಲಿ ಉಳಿದಿರುತ್ತದೆ. ಟೈಲ್ಸ್ ಅಂಗಡಿಯವರು 15 ಎಚ್‌ಪಿ ಮೋಟರ್ ಯಾಕೆ ಕೊಂಡರು ಅಂತ ನಾಳೆ ಯಾರಾದರೂ ಕೇಳಿದರೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಇತ್ತ ನಿಮ್ಮ ಫರ್ಮ್‌ಗೆ ಬಿಲ್ಲಿನ ತೆರಿಗೆಯಾದ 21,600 ರೂಪಾಯಿ ಕ್ರೆಡಿಟ್ ಕೈತಪ್ಪಿತು. ಅತ್ತ ತಂದೆಯವರ ಮೇಲೆ ಅಷ್ಟೇ ಮೊತ್ತದ ತಪ್ಪು ಕ್ರೆಡಿಟ್ ಬಂದು ಕೂತಿತು.

ಈಗ ಆ ಪಿಡಿಎಫ್ ವಿಷಯ. ನೀವು ಮೇಲ್ ಹಾಕಿದ್ದು ಸರಿಯೇ, ಕೇಳಿದ್ದು ಮಾತ್ರ ಕಮ್ಮಿ. "ಬಿಲ್ ಸರಿ ಮಾಡಿ ಕಳಿಸಿ" ಅಂದಿರಿ. ಅವರು ಕಂಪ್ಯೂಟರಿನಲ್ಲಿ ಪಾರ್ಟಿ ಹೆಸರು ಬದಲಿಸಿ, ಪ್ರಿಂಟ್ ತೆಗೆದು ಕಳಿಸಿದರು. ಅವರ ಲೆಕ್ಕದಲ್ಲಿ ಕೆಲಸ ಮುಗಿಯಿತು. ಕ್ರೆಡಿಟ್ ಬರುವುದು ಪಿಡಿಎಫ್‌ನಿಂದ ಅಲ್ಲವಲ್ಲ. ಅವರು ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಯಾವ ನಂಬರಿನ ಎದುರಿಗೆ ಬಿಲ್ ತೋರಿಸಿದ್ದಾರೋ ಆ ನಂಬರಿನ 2ಬಿಗೆ ಅದು ಹೋಗುತ್ತದೆ. 2ಬಿಯಲ್ಲಿ ಬಾರದ ಬಿಲ್ಲಿಗೆ ಕ್ರೆಡಿಟ್ ಇಲ್ಲ ಅಂತ ಸೆಕ್ಷನ್ 16(2)(ಎಎ) ಹೇಳುತ್ತದೆ. ಜೂನ್ ತಿಂಗಳ ಜಿಎಸ್‌ಟಿಆರ್-1ನ್ನು ಅವರು ಜುಲೈ 11ರೊಳಗೆ ಹಾಕಿರುತ್ತಾರೆ. 14ಕ್ಕೆ 2ಬಿ ತಯಾರಾಗುತ್ತದೆ. ನಿಮ್ಮದರಲ್ಲಿ ಇಲ್ಲ ಅಂದರೆ ತಂದೆಯವರ ಲಾಗಿನ್ ತೆಗೆದು ನೋಡಿ. ಬಹುತೇಕ ಅಲ್ಲೇ ಇರುತ್ತದೆ.

ಇದನ್ನು ನಿಮ್ಮ ಕೈಯಲ್ಲಿರುವ ಬಿಲ್ಲಿನಲ್ಲೇ ಪರೀಕ್ಷೆ ಮಾಡಬಹುದು. ಸಪ್ಲೈಯರ್‌ದು 5 ಕೋಟಿ ದಾಟಿದ ವ್ಯಾಪಾರವಾಗಿದ್ದರೆ ಬಿಲ್ ಮೇಲೆ ಚೌಕದ ಕ್ಯೂಆರ್ ಕೋಡ್, ಜೊತೆಗೆ ಪೋರ್ಟಲ್ ಕೊಡುವ 64 ಅಕ್ಷರದ ಗುರುತಿನ ಸಂಖ್ಯೆ ಐಆರ್‌ಎನ್ ಇರುತ್ತದೆ. ಅಂಥ ಬಿಲ್ಲೇ ಇ-ಇನ್‌ವಾಯ್ಸ್. ಹೊಸದಾಗಿ ಬಂದ ಪಿಡಿಎಫ್‌ನ ಕ್ಯೂಆರ್ ಸ್ಕ್ಯಾನ್ ಮಾಡಿ. ಮಾಮೂಲಿ ಸ್ಕ್ಯಾನರ್ ಬೇಡ, ಅದರಲ್ಲಿ ಅರ್ಥವಾಗದ ಉದ್ದನೆಯ ಅಕ್ಷರಗಳ ಸಾಲು ಬರುತ್ತದೆ ಅಷ್ಟೆ. ಇ-ಇನ್‌ವಾಯ್ಸ್ ಕ್ಯೂಆರ್ ಪರಿಶೀಲನೆಗೆ ಅಂತಲೇ ಇರುವ ಸರ್ಕಾರಿ ಆ್ಯಪ್ ಬಳಸಿ. ಮಾರಿದವರ ನಂಬರ್, ಕೊಂಡವರ ನಂಬರ್, ಬಿಲ್ ನಂಬರ್, ತಾರೀಖು, ಒಟ್ಟು ಮೊತ್ತ ಎಲ್ಲ ಬರುತ್ತದೆ. ಮೇಲೆ ಅಚ್ಚಾಗಿರುವುದು ನಿಮ್ಮ ಫರ್ಮಿನ ನಂಬರ್, ಕ್ಯೂಆರ್ ಒಳಗೆ ಇರುವುದು ತಂದೆಯವರ ನಂಬರ್ ಅಂತಾದರೆ ಆ ಕಾಗದಕ್ಕೆ ಬೆಲೆ ಇಲ್ಲ. ಒಂದೇ ಬಿಲ್ ನಂಬರಿನಲ್ಲಿ ಎರಡು ಹೆಸರಿನ ಎರಡು ಕಾಗದ ನಿಮ್ಮ ಫೈಲಿನಲ್ಲಿದೆ ಅಂತಷ್ಟೇ ಅರ್ಥ. ಆಡಿಟ್‌ನಲ್ಲಿ ಇದು ಇಲ್ಲದ ಅನುಮಾನಕ್ಕೆ ದಾರಿ ಮಾಡುತ್ತದೆ. ಹಾಗಂತ ಆ ಪಿಡಿಎಫ್ ಡಿಲೀಟ್ ಮಾಡಬೇಡಿ. ಪೋರ್ಟಲ್‌ನಲ್ಲಿ ಬದಲಾಗಿಲ್ಲ ಅಂತ ತೋರಿಸುವುದಕ್ಕೆ ಮುಂದಿನ ಮೇಲ್‌ನಲ್ಲಿ ಅದೇ ಬೇಕಾಗುತ್ತದೆ.

ಹಳೇ ನಂಬರಿನಲ್ಲಿ ಹೊಸ ಇ-ಇನ್‌ವಾಯ್ಸ್ ಮಾಡಿಕೊಡಿ ಅಂತ ಕೇಳಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ಅದು ಆಗುವುದಿಲ್ಲ. ಐಆರ್‌ಎನ್ ಹುಟ್ಟುವುದು ಮಾರುವವರ ಜಿಎಸ್‌ಟಿ ನಂಬರ್, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ಬಿಲ್ ನಂಬರ್ ಸೇರಿಸಿ. ಕೊಂಡವರು ಯಾರು ಅನ್ನುವುದು ಆ ಲೆಕ್ಕದಲ್ಲೇ ಇಲ್ಲ. ಹಾಗಾಗಿ ಅದೇ ಬಿಲ್ ನಂಬರ್ ಮತ್ತೆ ಹಾಕಿದರೆ ಪೋರ್ಟಲ್ ಇದು ಆಗಲೇ ಇದೆ ಅಂತ ವಾಪಸ್ ಕಳಿಸುತ್ತದೆ. ರದ್ದು ಮಾಡುವುದಕ್ಕೆ ಇರುವುದು 24 ಗಂಟೆ. ಅದರಲ್ಲೂ ಮಾಲು ಸಾಗಿಸಲು ಮಾಡಿಸುವ ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ರದ್ದಾಗುವುದಿಲ್ಲ. ನಿಮ್ಮ ಮಾಲು 50,000 ರೂಪಾಯಿ ದಾಟಿದ್ದು, ಇ-ವೇ ಬಿಲ್ ಆಗಿಯೇ ಹೊರಟಿರುತ್ತದೆ. ಲಾರಿ ನಿಮ್ಮ ಗೇಟಿಗೆ ಬಂದು, ನೀವು ಬಿಲ್ ಬಿಚ್ಚಿ ನೋಡುವ ಹೊತ್ತಿಗೆ ಆ ದಾರಿ ಮುಚ್ಚಿರುತ್ತದೆ. ಇನ್ನೊಂದು ಒಳ್ಳೆ ಅವಕಾಶ ಇತ್ತು, ಜುಲೈ 11ರೊಳಗಿನದು. ಜಿಎಸ್‌ಟಿಆರ್-1 ಹಾಕುವ ಮುಂಚೆ ಆ ಒಂದು ಸಾಲಿನಲ್ಲಿ ಕೊಂಡವರ ನಂಬರ್ ಬದಲಿಸಿದ್ದರೆ ಬಿಲ್ ಸೀದಾ ನಿಮ್ಮ 2ಬಿಗೆ ಬರುತ್ತಿತ್ತು. ಅದೂ ಹೋಯಿತು. ಅದೇ ತಿಂಗಳಲ್ಲಿ ತಿದ್ದುವುದಕ್ಕೆ ಜಿಎಸ್‌ಟಿಆರ್-1ಎ ಅಂತ 2024ರಲ್ಲಿ ಬಂದಿದೆಯಲ್ಲ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಿ ಕೂರಬೇಡಿ. ಅದರಲ್ಲಿ ಮೊತ್ತ ತಿದ್ದಬಹುದು, ಕೊಂಡವರ ಜಿಎಸ್‌ಟಿ ನಂಬರ್ ತಿದ್ದಲು ಬಿಡುವುದಿಲ್ಲ. ಅದಕ್ಕೆ ಮುಂದಿನ ತಿಂಗಳ ಜಿಎಸ್‌ಟಿಆರ್-1 ಬರಲೇಬೇಕು.

ಹಾಗಾಗಿ ಸಪ್ಲೈಯರ್ ಮುಂದೆ ಈಗ ಇರುವುದು ಎರಡು ದಾರಿ. ಒಂದು, ಜುಲೈ ತಿಂಗಳ ಜಿಎಸ್‌ಟಿಆರ್-1ರಲ್ಲಿ ಟೇಬಲ್ 9ಎ ತೆರೆದು, ಜೂನ್ 24ರ ಆ ಬಿಲ್ಲಿನ ಕೊಂಡವರ ನಂಬರ್ ತಿದ್ದುವುದು. ಬಿಲ್ ನಂಬರ್, ತಾರೀಖು, ಮೊತ್ತ ಎಲ್ಲ ಹಾಗೇ ಉಳಿಯುತ್ತದೆ. ಎರಡು, ತಂದೆಯವರ ಹೆಸರಿಗೆ ಪೂರ್ತಿ ಮೊತ್ತದ ಕ್ರೆಡಿಟ್ ನೋಟ್ ಹಾಕಿ, ನಿಮ್ಮ ಫರ್ಮ್ ಹೆಸರಿಗೆ ಹೊಸ ನಂಬರಿನಲ್ಲಿ ಹೊಸ ಬಿಲ್ ಮಾಡುವುದು.

ಯಾವುದು ಒಳ್ಳೆಯದು? ಎರಡರಲ್ಲೂ ಒಂದೊಂದು ಕೊರತೆ ಇದೆ. 9ಎ ತಿದ್ದುಪಡಿಯಲ್ಲಿ ನಿಮ್ಮ 2ಬಿಗೆ ಬಿಲ್ ಬರುತ್ತದೆ, ಆದರೆ ಕ್ಯೂಆರ್ ಮಾತ್ರ ತಂದೆಯವರ ನಂಬರ್ ಹೇಳುತ್ತಲೇ ಇರುತ್ತದೆ. ಇ-ಇನ್‌ವಾಯ್ಸ್ ಮಾಡಬೇಕಾದವರು ಐಆರ್‌ಎನ್ ಇಲ್ಲದೆ ಕೊಟ್ಟ ಬಿಲ್, ಬಿಲ್ಲೇ ಅಲ್ಲ ಅನ್ನುತ್ತದೆ ನಿಯಮ 48(5). ಆದ್ದರಿಂದ ಕೆಲವು ಆಡಿಟರ್‌ಗಳಿಗೆ 9ಎ ಇಷ್ಟವಾಗುವುದಿಲ್ಲ. ಕ್ರೆಡಿಟ್ ನೋಟ್ ದಾರಿಯಲ್ಲಿ ಎಲ್ಲದಕ್ಕೂ ಹೊಸ ಐಆರ್‌ಎನ್ ಸಿಗುತ್ತದೆ, ಕಾಗದ ಚೊಕ್ಕವಾಗಿರುತ್ತದೆ. ಆದರೆ ಸೆಕ್ಷನ್ 34 ಕ್ರೆಡಿಟ್ ನೋಟಿಗೆ ಕೊಡುವ ಕಾರಣ ಮೂರೇ: ಬೆಲೆ ಅಥವಾ ತೆರಿಗೆ ಜಾಸ್ತಿ ಹಾಕಿದ್ದು, ಮಾಲು ವಾಪಸ್ ಬಂದಿದ್ದು, ಮಾಲಿನಲ್ಲಿ ಕೊರತೆ ಇದ್ದದ್ದು. ಜಿಎಸ್‌ಟಿ ನಂಬರ್ ತಪ್ಪಾಗಿದ್ದು ಅಂತ ಅಲ್ಲಿ ನೇರವಾಗಿ ಬರೆದಿಲ್ಲ. ಹೊಸ ಬಿಲ್ಲಿನ ತಾರೀಖು ಜುಲೈದು, ಮಾಲು ಹೋಗಿದ್ದು ಜೂನ್‌ನಲ್ಲಿ ಅನ್ನುವುದೂ ಅವರ ಸಿಎಗೆ ಕಿರಿಕಿರಿ. ನನ್ನನ್ನು ಕೇಳಿದರೆ, ಇ-ಇನ್‌ವಾಯ್ಸ್ ಇರುವ ಸಪ್ಲೈಯರ್ ಆದರೆ ಕ್ರೆಡಿಟ್ ನೋಟ್ ಮತ್ತು ಹೊಸ ಬಿಲ್ಲೇ ವಾಸಿ. ಇ-ಇನ್‌ವಾಯ್ಸ್ ಇಲ್ಲದ ಸಣ್ಣ ವ್ಯಾಪಾರಿಯಾದರೆ 9ಎ ತಿದ್ದುಪಡಿ ಮತ್ತು ತಿದ್ದಿದ ಬಿಲ್ಲಿನ ಪ್ರತಿ ಸಾಕು.

ಇಷ್ಟೆಲ್ಲ ತಿಳಿದುಕೊಂಡರೂ ಮೇಲ್‌ನಲ್ಲಿ ದಾರಿಯ ಬಗ್ಗೆ ಜಗಳಕ್ಕೆ ಹೋಗಬೇಡಿ. "ನೀವು 9ಎಯಲ್ಲೇ ತಿದ್ದಬೇಕು" ಅಂತ ಬರೆದರೆ ಆ ಮೇಲ್ ಅವರ ಸಿಎ ಹತ್ತಿರ ಹೋಗಿ ಕೂತುಬಿಡುತ್ತದೆ. ದಾರಿ ಆರಿಸುವುದು ಅವರಿಗೆ ಬಿಡಿ. ನಿಮಗೆ ಬೇಕಾದ ಫಲ ಯಾವುದು, ಯಾವ ತಾರೀಖಿನೊಳಗೆ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಫಲ ಅಂದರೆ ಜುಲೈ ತಿಂಗಳ 2ಬಿಯಲ್ಲಿ ನಿಮ್ಮ ಫರ್ಮಿನ ನಂಬರಿನ ಎದುರು ಆ 21,600 ರೂಪಾಯಿ ಕಾಣಬೇಕು. ತಾರೀಖು ಆಗಸ್ಟ್ 11, ಅವರು ಜುಲೈದು ಜಿಎಸ್‌ಟಿಆರ್-1 ಹಾಕುವ ಕೊನೆಯ ದಿನ.

ಮೇಲ್ ಯಾರಿಗೆ ಅನ್ನುವುದೂ ಮುಖ್ಯ. ಮೊದಲನೆಯದನ್ನು ಬಹುಶಃ ಮೋಟರ್ ಮಾರಿದ ಸೇಲ್ಸ್‌ನವರಿಗೆ ಕಳಿಸಿರುತ್ತೀರಿ. ಅವರು ಬಿಲ್ಲಿಂಗ್ ಹುಡುಗನಿಗೆ ಹೇಳಿರುತ್ತಾರೆ, ಅವನು ಪ್ರಿಂಟ್ ತೆಗೆದಿರುತ್ತಾನೆ. ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಸುದ್ದಿಯೇ ಹೋಗಿರುವುದಿಲ್ಲ. ಫೋನ್ ಮಾಡಿ ಅಕೌಂಟ್ಸ್‌ನವರ ಮೇಲ್ ವಿಳಾಸ ಕೇಳಿ ತಗೊಳ್ಳಿ. ಅವರಿಗೆ ಬರೆಯಿರಿ, ಸೇಲ್ಸ್‌ನವರನ್ನು ಪ್ರತಿಯಲ್ಲಿ ಇಡಿ. ಹಳೇ ಮೇಲ್‌ಗೇ ಉತ್ತರವಾಗಿ ಬರೆದರೆ ಹಿಂದಿನ ಮಾತೆಲ್ಲ ಕೆಳಗೇ ಉಳಿಯುತ್ತದೆ, ಮುಂದೆ ನೀವು ಯಾವಾಗ ಕೇಳಿದ್ದಿರಿ ಅನ್ನುವುದಕ್ಕೂ ದಾಖಲೆ ಆಗುತ್ತದೆ. ವಿಷಯದ ಸಾಲು ಮಾತ್ರ ಬದಲಿಸಿ. "ಬಿಲ್ ತಪ್ಪು" ಅಂತ ದಿನಕ್ಕೆ ಹತ್ತು ಮೇಲ್ ಅವರಿಗೆ ಬರುತ್ತವೆ.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಇಲ್ಲಿನ ಬಿಲ್ ನಂಬರ್, ಜಿಎಸ್‌ಟಿ ನಂಬರ್, ಹಣ ಕೊಟ್ಟ ವಿವರ ಮಾದರಿಗೆ ಹಾಕಿದ್ದು. ನಿಮ್ಮದನ್ನು ನೋಂದಣಿ ಪತ್ರ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿಗೆ ಇಟ್ಟುಕೊಂಡು ತುಂಬಿ.

> ವಿಷಯ: ಇನ್‌ವಾಯ್ಸ್ ನಂ. 0412, 24 ಜೂನ್: ಖರೀದಿದಾರರ ಜಿಎಸ್‌ಟಿ ನಂಬರ್ ತಪ್ಪು, ಜುಲೈ ಜಿಎಸ್‌ಟಿಆರ್-1ರಲ್ಲಿ ಸರಿಪಡಿಸಲು ಕೋರಿಕೆ
>
> ಅಕೌಂಟ್ಸ್ ವಿಭಾಗದವರಿಗೆ ನಮಸ್ಕಾರ.
>
> ತಮ್ಮಿಂದ ನಾವು ಖರೀದಿಸಿದ 15 ಎಚ್‌ಪಿ ಮೋಟರ್ ಮತ್ತು ಗೇರ್‌ಬಾಕ್ಸ್‌ನ ಮೇಲಿನ ಇನ್‌ವಾಯ್ಸ್ ಬೇರೊಂದು ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ನಂಬರಿನಲ್ಲಿ ಆಗಿದೆ.
>
> ಇನ್‌ವಾಯ್ಸ್‌ನಲ್ಲಿ ಇರುವುದು: `29AAAPX0000X1ZX` (ಟೈಲ್ಸ್ ಅಂಗಡಿ, ಕಲಬುರಗಿ)
> ಇರಬೇಕಾದದ್ದು: `29AAAFX0000X1ZX` (ನಮ್ಮ ಫರ್ಮ್, ಶಹಾಬಾದ್)
>
> ತೆರಿಗೆ ಹೊರತಾದ ಬೆಲೆ 1,20,000 ರೂ., ಸಿಜಿಎಸ್‌ಟಿ 10,800 ರೂ., ಎಸ್‌ಜಿಎಸ್‌ಟಿ 10,800 ರೂ., ಒಟ್ಟು 1,41,600 ರೂ. ಈ ಮೊತ್ತಗಳಲ್ಲಿ ಯಾವ ಬದಲಾವಣೆಯೂ ಬೇಡ. ಮಾಲು ನಮ್ಮ ಶಹಾಬಾದ್ ಫ್ಯಾಕ್ಟರಿಗೆ ತಲುಪಿದೆ. ಹಣವನ್ನು ಜೂನ್ 25ರಂದು ನಮ್ಮ ಫರ್ಮ್ ಖಾತೆಯಿಂದ ಎನ್‌ಇಎಫ್‌ಟಿ ಮೂಲಕ ಕೊಟ್ಟಿದ್ದೇವೆ.
>
> ಮೊದಲ ಮೇಲ್‌ಗೆ ಉತ್ತರವಾಗಿ ತಾವು ಕಳಿಸಿದ ಪಿಡಿಎಫ್‌ನಲ್ಲಿ ನಂಬರ್ ಬದಲಾಗಿದೆ. ಆದರೆ ಅದರ ಕ್ಯೂಆರ್ ಕೋಡ್‌ನಲ್ಲಿ ಹಳೇ ನಂಬರೇ ಇದೆ. ಜೂನ್ ತಿಂಗಳ ನಮ್ಮ 2ಬಿಯಲ್ಲಿ ಈ ಇನ್‌ವಾಯ್ಸ್ ಬಂದಿಲ್ಲ.
>
> ಜುಲೈ ತಿಂಗಳ ಜಿಎಸ್‌ಟಿಆರ್-1ರಲ್ಲಿ, ಆಗಸ್ಟ್ 11ರೊಳಗೆ, ಇದನ್ನು ನಮ್ಮ ಜಿಎಸ್‌ಟಿ ನಂಬರಿಗೆ ಬರುವಂತೆ ಸರಿಪಡಿಸಬೇಕೆಂದು ಕೋರುತ್ತೇವೆ. ಟೇಬಲ್ 9ಎ ತಿದ್ದುಪಡಿಯಾಗಲಿ, ಕ್ರೆಡಿಟ್ ನೋಟ್ ಮತ್ತು ಹೊಸ ಇನ್‌ವಾಯ್ಸ್ ಆಗಲಿ, ತಮಗೆ ಅನುಕೂಲವಾದದ್ದನ್ನು ಮಾಡಬಹುದು. ಯಾವುದು ಅಂತ ಮೊದಲೇ ತಿಳಿಸಿದರೆ ಆ ಇನ್ನೊಂದು ಸಂಸ್ಥೆಯ ಕಡೆಯಲ್ಲೂ ಅದಕ್ಕೆ ತಕ್ಕಂತೆ ಮಾಡಿಸುತ್ತೇವೆ. ಆ ಸಂಸ್ಥೆ ಈ ಇನ್‌ವಾಯ್ಸ್ ಮೇಲೆ ಕ್ರೆಡಿಟ್ ತೆಗೆದುಕೊಂಡಿಲ್ಲ.
>
> ಎರಡೂ ನಂಬರ್ ಕರ್ನಾಟಕದವೇ ಆದ್ದರಿಂದ ತೆರಿಗೆಯ ಬಗೆ ಅಥವಾ ಮೊತ್ತ ಬದಲಾಗುವುದಿಲ್ಲ.
>
> ಮುಂದಿನ ಬಿಲ್‌ಗಳಿಗಾಗಿ ತಮ್ಮ ಸಾಫ್ಟ್‌ವೇರ್‌ನಲ್ಲಿ ನಮ್ಮ ಫರ್ಮ್ ಹೆಸರಿನಲ್ಲಿ ಬೇರೆ ಲೆಡ್ಜರ್ ತೆರೆಯಬೇಕೆಂದೂ ವಿನಂತಿ.
>
> ಲಗತ್ತು: ಮೂಲ ಇನ್‌ವಾಯ್ಸ್, ತಾವು ಕಳಿಸಿದ ಎರಡನೇ ಪಿಡಿಎಫ್, ನಮ್ಮ ಜಿಎಸ್‌ಟಿ ನೋಂದಣಿ ಪತ್ರ, ಹಣ ಕೊಟ್ಟ ವಿವರ.

ಈ ಮೇಲ್‌ನ ಒಂದೆರಡು ಸಾಲು ಯಾಕೆ ಹಾಗಿವೆ ಅಂತ ಹೇಳುತ್ತೇನೆ.

ಎರಡು ನಂಬರ್ ಒಂದರ ಕೆಳಗೆ ಒಂದು ಬರೆದಿದ್ದೇಕೆ ಅಂದರೆ, ಇವೆರಡಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ತೀರಾ ಕಮ್ಮಿ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯದು, ಮಾಲೀಕ ಯಾವ ಬಗೆ ಅಂತ ಹೇಳುತ್ತದೆ. ಒಬ್ಬರೇ ನಡೆಸುವ ಅಂಗಡಿಗೆ `P`, ಪಾಲುದಾರಿಕೆ ಫರ್ಮ್‌ಗೆ `F`, ಕಂಪನಿಗೆ `C`. ತಂದೆಯವರದು ಸ್ವಂತ ಅಂಗಡಿ, ನಿಮ್ಮದು ಫರ್ಮ್. ಹಾಗಾಗಿ ಬಿಲ್ ಕೈಗೆ ಬಂದ ತಕ್ಷಣ ಆರನೇ ಅಕ್ಷರ ನೋಡಿದರೆ ಸಾಕು, ಯಾರ ಬಿಲ್ ಅಂತ ಗೊತ್ತಾಗುತ್ತದೆ. ಹದಿನೈದೂ ಅಕ್ಷರ ಓದುತ್ತಾ ಕೂರಬೇಕಿಲ್ಲ. ಗೇಟಿನಲ್ಲಿ ಮಾಲು ಇಳಿಸಿಕೊಳ್ಳುವವರಿಗೂ ಇದನ್ನು ಹೇಳಿಕೊಡಿ. ನಮ್ಮ ಕಡೆ ಒಂದೇ ಮನೆಯಲ್ಲಿ ಎರಡು ಮೂರು ವ್ಯಾಪಾರ, ಎಲ್ಲದಕ್ಕೂ ಒಂದೇ ಮನೆತನದ ಹೆಸರು ಇರುವುದು ಮಾಮೂಲು. ಸಪ್ಲೈಯರ್ ಲೆಡ್ಜರ್ ಹುಡುಕುವಾಗ ಮೊದಲು ಸಿಕ್ಕ ಹೆಸರಿಗೇ ಬಿಲ್ ಹಾಕುತ್ತಾನೆ.

"ಮೊತ್ತಗಳಲ್ಲಿ ಬದಲಾವಣೆ ಬೇಡ", "ತೆರಿಗೆ ಬದಲಾಗುವುದಿಲ್ಲ" ಅನ್ನುವ ಸಾಲುಗಳು ಅವರ ಭಯ ಕಳೆಯುವುದಕ್ಕೆ. ತಿದ್ದಲು ಹೋದರೆ ತನ್ನ ಕೈಯಿಂದ ಮತ್ತೆ ತೆರಿಗೆ ಬೀಳುತ್ತದೇನೋ ಅಂತಲೇ ಎಷ್ಟೋ ಸಪ್ಲೈಯರ್‌ಗಳು ಹಿಂದೆ ಸರಿಯುತ್ತಾರೆ. ನಿಮ್ಮ ವಿಷಯದಲ್ಲಿ ಆ ಭಯ ಬೇಡ. ಆದರೆ ಎಲ್ಲರಿಗೂ ಈ ಸಾಲು ಬರೆಯಲು ಆಗುವುದಿಲ್ಲ. ಅಫಜಲಪುರ, ಆಳಂದ, ಬೀದರ್ ಕಡೆಯವರು ಸೊಲ್ಲಾಪುರದಲ್ಲೋ ಜಹೀರಾಬಾದಿನಲ್ಲೋ ಇನ್ನೊಂದು ಅಂಗಡಿ ಇಟ್ಟಿರುತ್ತಾರೆ. ಆ ನಂಬರ್ 27 ಅಥವಾ 36ರಿಂದ ಶುರುವಾಗುತ್ತದೆ. ಹುಬ್ಬಳ್ಳಿಯ ಸಪ್ಲೈಯರ್ ಅಂಥ ನಂಬರಿಗೆ ಐಜಿಎಸ್‌ಟಿ ಹಾಕಿ ಬಿಲ್ ಮಾಡಿದ್ದರೆ, ಸರಿಪಡಿಸುವಾಗ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹೊಸದಾಗಿ ಕಟ್ಟಿ ಹಳೆಯದನ್ನು ರಿಫಂಡ್ ಕೇಳಬೇಕಾಗಬಹುದು. ಆಗ ಮೇಲ್‌ಗೆ ಮುಂಚೆ ಅವರ ಸಿಎ ಜೊತೆ ಒಂದು ಮಾತು ಆಡುವುದು ಒಳ್ಳೆಯದು.

ತಂದೆಯವರು ಕ್ರೆಡಿಟ್ ತಗೊಂಡಿಲ್ಲ ಅನ್ನುವ ಸಾಲನ್ನು ನಿಜ ಮಾಡಿಯೇ ಮೇಲ್ ಕಳಿಸಿ. ಇದು ಇವತ್ತೇ ಆಗಬೇಕಾದ ಕೆಲಸ. 3ಬಿ ಅಂದರೆ ಕ್ರೆಡಿಟ್ ಕಳೆದು ತೆರಿಗೆ ಕಟ್ಟುವ ರಿಟರ್ನ್, ಜೂನ್ ತಿಂಗಳದಕ್ಕೆ ಕೊನೆಯ ದಿನ ಜುಲೈ 20. ಅವರ 2ಬಿಯಲ್ಲಿ ಬಂದ ಮೊತ್ತ 3ಬಿಗೆ ತಾನೇ ತುಂಬಿಕೊಳ್ಳುತ್ತದೆ. ಅವರ ಅಕೌಂಟೆಂಟ್ ಗಮನಿಸದೆ ಹಾಕಿಬಿಟ್ಟರೆ 21,600 ರೂಪಾಯಿ ಕ್ರೆಡಿಟ್ ಅಲ್ಲಿ ಹೋಗಿ ಕೂರುತ್ತದೆ. ತಂದೆಯವರ ಲಾಗಿನ್‌ನಲ್ಲಿ, ಬಂದ ಬಿಲ್‌ಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ ಐಎಂಎಸ್ ಪುಟ ತೆರೆಯಿರಿ. ಅಕ್ಟೋಬರ್ 2024ರಿಂದ ಈ ಸೌಲಭ್ಯ ಇದೆ. ಆ ಬಿಲ್ ಹುಡುಕಿ ಪೆಂಡಿಂಗ್ ಅಂತ ಗುರುತು ಹಾಕಿ. 14ನೇ ತಾರೀಖು ದಾಟಿರುವುದರಿಂದ 2ಬಿಯನ್ನು ಮತ್ತೆ ಲೆಕ್ಕ ಹಾಕಿಸುವ ಬಟನ್ ಒತ್ತಬೇಕು. ಒತ್ತದಿದ್ದರೆ ಹಳೇ ಲೆಕ್ಕವೇ 3ಬಿಗೆ ಹೋಗುತ್ತದೆ.

ಸೀದಾ ತಿರಸ್ಕರಿಸಿಬಿಡಬಹುದಲ್ವಾ? ಸಪ್ಲೈಯರ್ 9ಎ ತಿದ್ದುಪಡಿ ಮಾಡುತ್ತೇನೆ ಅಂತ ಹೇಳಿದ ಮೇಲೆ ತಿರಸ್ಕರಿಸಿ, ತೊಂದರೆ ಇಲ್ಲ. ಆದರೆ ಅವರು ಕ್ರೆಡಿಟ್ ನೋಟ್ ದಾರಿ ಹಿಡಿದರೆ ಆ ನೋಟ್ ತಂದೆಯವರ ಲೆಕ್ಕಕ್ಕೇ ಬರುತ್ತದೆ, ಅವರ ಕ್ರೆಡಿಟ್‌ನಲ್ಲಿ 21,600 ಕಡಿಮೆ ಮಾಡುತ್ತದೆ. ಬಿಲ್ ತಿರಸ್ಕರಿಸಿ ನೋಟ್ ಮಾತ್ರ ಒಪ್ಪಿದರೆ, ತಗೊಳ್ಳದ ಕ್ರೆಡಿಟ್ ವಾಪಸ್ ಕೊಟ್ಟ ಹಾಗೆ ಆಗಬಹುದು. ಬಿಲ್ ಪೆಂಡಿಂಗ್‌ನಲ್ಲಿದ್ದರೆ ನೋಟ್ ಬಂದ ತಿಂಗಳಲ್ಲಿ ಎರಡನ್ನೂ ಒಟ್ಟಿಗೆ ಒಪ್ಪಿಬಿಡಬಹುದು, ಒಂದಕ್ಕೊಂದು ಹೊಡೆದುಹೋಗುತ್ತದೆ. ಗಾಬರಿಯಲ್ಲಿ ಕ್ರೆಡಿಟ್ ನೋಟನ್ನೇ ತಿರಸ್ಕರಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಆ ತೆರಿಗೆ ಸಪ್ಲೈಯರ್‌ನ ತಲೆ ಮೇಲೆ ಬೀಳುತ್ತದೆ. ಆಮೇಲೆ ಅವರು ನಿಮ್ಮ ಯಾವ ಮೇಲ್‌ಗೂ ಉತ್ತರ ಕೊಡುವುದಿಲ್ಲ. ಅದಕ್ಕೇ ಯಾವ ದಾರಿ ಅಂತ ಮೊದಲೇ ತಿಳಿಸಿ ಅನ್ನುವ ಸಾಲನ್ನು ಹಾಕಿದ್ದು.

ನಿಮ್ಮ ಕಡೆ, ಜೂನ್ ತಿಂಗಳ 3ಬಿಯಲ್ಲಿ ಈ 21,600 ರೂಪಾಯಿಯನ್ನು ಕೈಯಿಂದ ಸೇರಿಸಬೇಡಿ. ಬಿಲ್ ಕೈಯಲ್ಲಿದೆ, ಹಣ ಕೊಟ್ಟಾಗಿದೆ ಅಂತ ಅನ್ನಿಸುವುದು ಸಹಜ. ಆದರೆ 2ಬಿಗಿಂತ ಜಾಸ್ತಿ ತಗೊಂಡರೆ ಪೋರ್ಟಲ್ ಹಿಡಿಯುತ್ತದೆ, ಬಳಸಿಬಿಟ್ಟಿದ್ದರೆ ಬಡ್ಡಿಯೂ ಬೀಳುತ್ತದೆ. ಈ ತಿಂಗಳು ಅಷ್ಟು ಹಣ ನಗದಾಗಿ ಕಟ್ಟಬೇಕಾಗಬಹುದು. ಸಾಹುಕಾರರಿಗೆ ಅದನ್ನು ಮುಂಚೆಯೇ ಹೇಳಿಬಿಡಿ, 20ನೇ ತಾರೀಖು ಸಂಜೆ ಹೇಳಿದರೆ ಬೈಗುಳ ನಿಮಗೇ.

ಮಾಲು ಬಂದದ್ದು ಶಹಾಬಾದಿಗೇ ಅನ್ನುವ ಕಾಗದಗಳನ್ನು ಒಂದು ಕಡೆ ಇಡಿ: ಇ-ವೇ ಬಿಲ್ ಪ್ರತಿ, ಲಾರಿಯವರ ಎಲ್‌ಆರ್, ನಿಮ್ಮ ಗೇಟ್ ರಿಜಿಸ್ಟರ್ ಪುಟದ ಫೋಟೋ. ಇ-ವೇ ಬಿಲ್‌ನಲ್ಲೂ ತಂದೆಯವರ ನಂಬರೇ ಇರುತ್ತದೆ, ಅದನ್ನು ಈಗ ತಿದ್ದಲು ಬರುವುದಿಲ್ಲ. ಆದರೆ ಮಾಲು ಇಳಿಸುವ ಜಾಗ ಶಹಾಬಾದ್ ಅಂತ ಇದ್ದರೆ ಅದೇ ನಿಮಗೆ ಸಾಕ್ಷಿ.

ಇಲ್ಲೇ ಇನ್ನೊಂದು ಮಾತು. ಎಲ್ಲ ತಪ್ಪಿಗೂ ಇಷ್ಟು ಓಡಾಟ ಬೇಕಿಲ್ಲ. ಜಿಎಸ್‌ಟಿ ನಂಬರ್ ಸರಿಯಾಗಿದ್ದು ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆಗಿದೆ, ವಿಳಾಸದಲ್ಲಿ ಪಿನ್‌ಕೋಡ್ ತಪ್ಪಿದೆ ಅಂದರೆ ಬಿಲ್ ನಿಮ್ಮ 2ಬಿಗೆ ಬಂದೇ ಬರುತ್ತದೆ. ನಿಯಮ 36(2)ರಲ್ಲೇ ಇದಕ್ಕೆ ಜಾಗ ಬಿಟ್ಟಿದ್ದಾರೆ. ತೆರಿಗೆ ಮೊತ್ತ, ಮಾಲಿನ ವಿವರ, ಒಟ್ಟು ಬೆಲೆ, ಎರಡೂ ಕಡೆಯ ಜಿಎಸ್‌ಟಿ ನಂಬರ್, ಬೇರೆ ರಾಜ್ಯದ ವ್ಯಾಪಾರವಾದರೆ ಮಾಲು ಸೇರುವ ರಾಜ್ಯ, ಇಷ್ಟು ಇದ್ದರೆ ಉಳಿದ ವಿವರ ಬಿಟ್ಟುಹೋಗಿದ್ದರೂ ಕ್ರೆಡಿಟ್ ತಗೊಳ್ಳಬಹುದು. ಅಂಥದ್ದಕ್ಕೆ ಎರಡು ಸಾಲಿನ ಮೇಲ್ ಹಾಕಿ, ಮುಂದಿನ ಬಿಲ್‌ನಿಂದ ಸರಿಯಾಗಿ ಹಾಕಿ ಅಂದರೆ ಸಾಕು. ಪೆನ್ನಿನಿಂದ ಗೀಚಿ, ಪಕ್ಕದಲ್ಲಿ ಸೀಲ್ ಹೊಡೆದು ಬಿಲ್ ತಿದ್ದುವ ಹಳೇ ಅಭ್ಯಾಸ ಮಾತ್ರ ಬಿಡಿ.

ಮೇಲ್ ಕಳಿಸಿದ ದಿನವೇ ಅಕೌಂಟ್ಸ್‌ನವರಿಗೆ ಒಂದು ಫೋನ್ ಮಾಡಿ, ಮೇಲ್ ಸಿಕ್ಕಿತಾ ಅಂತ ಕೇಳಿ. ಮತ್ತೆ ಆಗಸ್ಟ್ 4, 5ರ ಸುಮಾರಿಗೆ ನೆನಪಿಸಿ. 9, 10ನೇ ತಾರೀಖು ಫೋನ್ ಮಾಡಿದರೆ ಅವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ, "ಮಾಡ್ತೀವ್ರಿ" ಅಂದು ಇಟ್ಟುಬಿಡುತ್ತಾರೆ. ಆಗಸ್ಟ್ 14ಕ್ಕೆ ನಿಮ್ಮ ಜುಲೈ 2ಬಿ ತೆಗೆದು ನೋಡಿ. ಹೊಸ ಬಿಲ್ ಮಾಡಿದ್ದರೆ `B2B` ಪಟ್ಟಿಯಲ್ಲಿ ಹೊಸ ನಂಬರಿನಲ್ಲಿ ಬರುತ್ತದೆ. 9ಎ ತಿದ್ದುಪಡಿಯಾದರೆ `B2BA` ಅನ್ನುವ ತಿದ್ದುಪಡಿ ಪಟ್ಟಿಯನ್ನೂ ತೆರೆಯಿರಿ. ಎಷ್ಟೋ ಜನ ಮೊದಲ ಪಟ್ಟಿ ಮಾತ್ರ ನೋಡಿ ಇನ್ನೂ ಬಂದಿಲ್ಲ ಅಂತ ಸಪ್ಲೈಯರ್ ಜೊತೆ ಜಗಳ ತೆಗೆಯುತ್ತಾರೆ. ಬಂದಿದ್ದರೆ ಜುಲೈ 3ಬಿಯಲ್ಲಿ, ಆಗಸ್ಟ್ 20ರೊಳಗೆ, ಕ್ರೆಡಿಟ್ ತಗೊಳ್ಳಿ.

ಬಾರದಿದ್ದರೆ ಗಾಬರಿ ಬೇಡ. ಈ ಜೂನ್ ಬಿಲ್ ತಿದ್ದುವುದಕ್ಕೆ, ಕ್ರೆಡಿಟ್ ತಗೊಳ್ಳುವುದಕ್ಕೆ ಕಾನೂನಿನ ಗಡುವು ಮುಂದಿನ ವರ್ಷದ ನವೆಂಬರ್ 30, ಅಥವಾ ಈ ವರ್ಷದ ವಾರ್ಷಿಕ ರಿಟರ್ನ್ ಹಾಕುವ ದಿನ, ಯಾವುದು ಮೊದಲೋ ಅದು. ಆದರೆ ಈ ಗಡುವನ್ನು ಸಪ್ಲೈಯರ್‌ಗೆ ನೀವಾಗಿ ಹೇಳಬೇಡಿ. ಹೇಳಿದರೆ ಕೆಲಸ ಆ ನವೆಂಬರ್‌ಗೇ ಹೋಗುತ್ತದೆ. ಆಗಸ್ಟ್ 14ರ ಮಾರನೇ ದಿನ ಆ ಮೇಲ್‌ಗೇ ಉತ್ತರವಾಗಿ ಇಷ್ಟು ಬರೆಯಿರಿ:

> ಇನ್‌ವಾಯ್ಸ್ 0412ರ ತಿದ್ದುಪಡಿ ಜುಲೈ ತಿಂಗಳ ನಮ್ಮ 2ಬಿಯಲ್ಲಿ ಬಂದಿಲ್ಲ. ಆಗಸ್ಟ್ ತಿಂಗಳ ಜಿಎಸ್‌ಟಿಆರ್-1ರಲ್ಲಿ, ಸೆಪ್ಟೆಂಬರ್ 11ರೊಳಗೆ, ಸೇರಿಸಬೇಕೆಂದು ಕೋರಿಕೆ. ಅದು ಆಗುವವರೆಗೆ ಮುಂದಿನ ಬಿಲ್‌ಗಳಲ್ಲಿ 21,600 ರೂ. ತಡೆಹಿಡಿಯುತ್ತೇವೆ, 2ಬಿಯಲ್ಲಿ ಕಂಡ ದಿನವೇ ಬಿಡುಗಡೆ ಮಾಡುತ್ತೇವೆ.

ತಡೆಹಿಡಿಯುವ ಮಾತನ್ನು ಸಾಹುಕಾರರನ್ನು ಕೇಳಿಯೇ ಬರೆಯಿರಿ. ಅವರಿಂದ ಮತ್ತೆ ಮಾಲು ತರಿಸುವುದು ಇದ್ದರೆ ಮಾತ್ರ ಅದಕ್ಕೆ ತೂಕ ಇರುತ್ತದೆ.